ಒಟಿಪಿ ಕೇಳುವ ‘ಬೇಂಕಿನವು’

ನಮ್ಮ ಪುತ್ತೂರು, ಸುಳ್ಯ, ಕಡಬದ ಹೊಡೆಲಿ ಬೇಂಕು ಹೇಳಿರೆ ಅನ್ಯ ಅಲ್ಲ. ಕರ್ಣಾಟಕ ಬೇಂಕು 1924ರಲ್ಲಿ, ವಿಜಯಾ ಬೇಂಕು 1931ರಲ್ಲಿ ನಮ್ಮ ಮಂಗ್ಳೂರಿಲೇ ಸುರು ಆದ್ದು. ಮೆನೇಜರು ಹೇಳಿರೆ ಮದುವೆಗೋ ಉಪ್ನಾನಕ್ಕೋ ಬಂದು ಹಂತಿಲಿ ಕೂದು ಉಂಬ ಮನುಷ್ಯ. ಹಾಂಗಾಗಿ ಫೋನಿಲಿ ಆರಾರು “ಬ್ಯಾಂಕಿನಿಂದ ಮಾತಾಡುವುದು” ಹೇಳಿದ ಕೂಡ್ಲೇ ನವಗೆ ಮರ್ಯಾದೆ ಬತ್ತು, “ಅಪ್ಪು ಸಾರ್, ಹೇಳಿ” ಹೇಳ್ತು ನಾವು. ಕಳ್ಳಂಗೊ ಹಿಡ್ಕೊಂಬದು ಈ ಮರ್ಯಾದೆಯ ಕೊಡಿಯನ್ನೇ.

ಅದರ ಮೇಲೆ 2019 ಎಪ್ರಿಲ್ 1ಕ್ಕೆ ವಿಜಯಾ ಬೇಂಕು ಬರೋಡ ಬೇಂಕಿನೊಟ್ಟಿಂಗೆ ಸೇರಿತ್ತು. ಸರೀ ಒಂದು ವರ್ಷ ಕಳುದು ಸಿಂಡಿಕೇಟು ಕೆನರಾದೊಟ್ಟಿಂಗೆ, ಕಾರ್ಪೊರೇಶನ್ನು ಯೂನಿಯನ್ ಬೇಂಕಿನೊಟ್ಟಿಂಗೆ ಸೇರಿತ್ತು. ಬೋರ್ಡು ಬದಲಾತು, ಪಾಸುಬುಕ್ಕು ಬದಲಾತು, ಐಎಫ್‌ಎಸ್‌ಸಿ ನಂಬರೂ ಬದಲಾತು. “ನಿಂಗಳ ದಾಖಲೆ ಸರಿ ಆಯಿದಿಲ್ಲೆ” ಹೇಳಿ ಆರು ಹೇಳಿರೂ “ಇಕ್ಕೋ ಏನೋ” ಹೇಳಿ ಕಾಂಬ ಹಾಂಗಾತು. ಕೆವೈಸಿ ಹೇಳುದು ಲೊಟ್ಟೆ ಅಲ್ಲ, ಬೇಂಕುಗೊ ಕೆಲವು ವರ್ಷಕ್ಕೊಂದರಿ ಅದರ ಹೊಸತ್ತು ಮಾಡ್ಸುದು ಅಪ್ಪು. ಆದರೆ ಅದಕ್ಕೆ ಫೋನಿಲಿ ಒಟಿಪಿ ಹೇಳುವ ಕ್ರಮ ಇಲ್ಲೆ.

ಕಡಬ ಹೊಡೆಲಿಪ್ಪ ಎಂಗಳ ಸಂಬಂಧದ ಒಬ್ಬ ಅತ್ತೆಗೆ ಆದ್ದರ ಅವು ಹೇಳಿದ ಹಾಂಗೇ ಬರೆತ್ತೆ. ಹೆಸರು ಬೇಡ. ಇದರ ನಾಕು ಜನಕ್ಕೆ ಹೇಳು ಹೇಳಿ ಅವ್ವೇ ಹೇಳಿದ್ದು.

ಮದ್ಯಾನ್ನ ಊಟ ಆಗಿ ಮಾವ° ತೋಟಕ್ಕೆ ಹೋಗಿತ್ತಿದ್ದವು. ಫೋನು ಬಂತು. “ಮೇಡಂ, ನಾನು ನಿಮ್ಮ ಬ್ಯಾಂಕಿನ ಹೆಡ್ ಆಫೀಸಿನಿಂದ. ನಿಮ್ಮ ಕೆವೈಸಿ ಮುಗಿದಿದೆ, ಸಂಜೆ ಐದಕ್ಕೆ ಎಟಿಎಂ ಕಾರ್ಡ್ ಬ್ಲಾಕ್ ಆಗುತ್ತದೆ.” ಅತ್ತೆಯ ಹೆಸರು ಅವಂಗೆ ಗೊಂತಿತ್ತು. “ನಿಮ್ಮ ಕಾರ್ಡ್ ನಂಬರ್ ನಾನೇ ಹೇಳುತ್ತೇನೆ, ಸರಿಯೋ ನೋಡಿ” ಹೇಳಿ ಸುರುವಾಣ ಆರು ಅಂಕೆ ಓದಿದ°. ಕಾರ್ಡು ತಂದು ನೋಡಿರೆ ಸರೀ ಅದೇ! ಅತ್ತೆಗೆ ನಂಬಿಕೆ ಬಂದದು ಅಲ್ಲಿ.

ಈ ಆರು ಅಂಕೆಯ ಗುಟ್ಟು ಎಂತ ಹೇಳಿರೆ, ಅದು ಅತ್ತೆಯ ನಂಬರು ಅಲ್ಲ, ಬೇಂಕಿನ ನಂಬರು. ಒಂದು ಬೇಂಕಿನ ಒಂದು ನಮುನೆಯ ಕಾರ್ಡಿಂಗೆಲ್ಲ ಸುರುವಾಣ ಅಂಕೆಗೊ ಒಂದೇ. ಊರಿನ ಪಿನ್‌ಕೋಡು ಹೇಳಿದ ಹಾಂಗೆ. ಪಿನ್‌ಕೋಡು ಹೇಳಿದವಂಗೆ ನಮ್ಮ ಮನೆ ಗೊಂತಿದ್ದು ಹೇಳ್ಲೆಡಿಗೋ?

ಒಳುದ ಹತ್ತು ಅಂಕೆಯ ಅತ್ತೆಯೇ ಓದಿದವು. ಮತ್ತೆ ಕಾರ್ಡು ಮುಗಿವ ತಿಂಗಳು-ವರ್ಷ, ಕಾರ್ಡಿನ ಹಿಂದಾಣ ಮೂರು ಅಂಕೆ. ಇಷ್ಟು ಸಿಕ್ಕಿಯಪ್ಪಗ ಆ ಹೊಡೆಲಿಪ್ಪವ° ಎಂತ ಮಾಡಿದ° ಗೊಂತಿದ್ದೋ? ಓನ್‌ಲೈನಿಲಿ ಒಂದು ವಾಲೆಟಿಂಗೆ ಪೈಸೆ ತುಂಬುಸುಲೆ ಅತ್ತೆಯ ಕಾರ್ಡಿನ ನಂಬರು ಹಾಕಿ ಕೂದ°. ಅಲ್ಲಿ ಅವ° ನಿಂಬಲೇ ಬೇಕಾವ್ತು. ಕಾರ್ಡು ಕೈಲಿ ಇಲ್ಲದ್ದೆ ಓನ್‌ಲೈನಿಲಿ ಪೈಸೆ ಕೊಡುವಗ ಕಾರ್ಡಿಲಿ ಕಾಂಬ ಅಂಕೆ ಮಾಂತ್ರ ಸಾಕಾಗ, ಇನ್ನೊಂದು ಗುಟ್ಟೂ ಬೇಕು ಹೇಳಿ ರಿಸರ್ವ್ ಬೇಂಕು 2009 ಆಗೋಸ್ಟಿಂದ ಕಡ್ಡಾಯ ಮಾಡಿದ್ದು. ಆ ಗುಟ್ಟೇ ಒಟಿಪಿ. ಅದು ಬಪ್ಪದು ನಮ್ಮ ಮೊಬೈಲಿಂಗೆ. ಕಳ್ಳ° ಬಾಗಿಲಿನ ಹತ್ತರೆ ಬಂದಾಯಿದು, ಕೀಲಿಕೈ ನಮ್ಮ ಕೈಲಿ ಇದ್ದು.

ಒಟಿಪಿಗೆ ಕೆಲವೇ ನಿಮಿಷದ ಆಯುಷ್ಯ. ಅದಕ್ಕೇ ಅವಕ್ಕೆ ಅಷ್ಟು ಅಂಬೆರ್ಪು. “ಫೋನ್ ಇಡಬೇಡಿ, ಬೇಗ ಆರು ಅಂಕೆ ಹೇಳಿ, ಮೆಸೇಜ್ ಓದುತ್ತಾ ಕೂರಬೇಡಿ” ಹೇಳಿದ°. ಅತ್ತೆ ಹೇಳಿದವು. 24,900 ರೂಪಾಯಿ ಹೋತು. ಹೋತು ಹೇಳಿ ಮೆಸೇಜು ಬಪ್ಪಗ, “ಅದು ಪರೀಕ್ಷೆಗೆ ಹೋದದ್ದು, ವಾಪಸು ಬರಲು ಇನ್ನೊಂದು ನಂಬರ್ ಬರುತ್ತದೆ, ಅದನ್ನೂ ಹೇಳಿ” ಹೇಳಿದ°. ಅಷ್ಟಪ್ಪಗ ಸೊಸೆ ಜಾಲಿಂದ ಒಳ ಬಂತು. ಅದು ಮೊಬೈಲು ತೆಕ್ಕೊಂಡು ಎರಡ್ನೆ ಮೆಸೇಜಿನ ಸುರುವಿಂದ ಅಖೇರಿವರೆಗೆ ಓದಿತ್ತು. ಅದರಲ್ಲಿ 38,400 ರೂಪಾಯಿ ಪಾವತಿಗೆ ಇದು ಒಟಿಪಿ, ಆರಿಂಗೂ ಹೇಳೆಡಿ ಹೇಳಿ ಇಂಗ್ಲೀಷಿಲಿ ಬರದಿತ್ತು. ಫೋನು ಮಡುಗಿತ್ತು.

ಎನಗೆ ಕಾಂಬದು, ಈ ಇಡೀ ಕತೆಲಿ ತಿಳ್ಕೊಳೆಕಾದ್ದು ಇದೊಂದೇ. ಕಳ್ಳ° ಬಾಯಿಲಿ ಎಂತ ಬೇಕಾರೂ ಹೇಳುಗು, ಕೆವೈಸಿ ಹೇಳುಗು, ರೀಫಂಡು ಹೇಳುಗು. ಆದರೆ ಒಟಿಪಿ ಎಂತಕೆ ಹೇಳಿ ಬೇಂಕಿನ ಮೆಸೇಜಿಲೇ ಬರದಿರ್ತು. ಅಂಕೆ ಮಾಂತ್ರ ನೋಡುದಲ್ಲ, ಅದರ ಹಿಂದೆ ಮುಂದೆ ಇಪ್ಪದರನ್ನೂ ಓದೆಕು. ಇಂಗ್ಲೀಷು ಅರ್ಥ ಆಗದ್ರೂ ರೂಪಾಯಿಯ ಮೊತ್ತ ಕಂಡತ್ತು ಹೇಳಿರೆ ಅದು ಪೈಸೆ ಹೋಪ ಬಾಗಿಲು. ಪೈಸೆ ಬಪ್ಪಲೆ ಒಟಿಪಿಯೂ ಬೇಡ, ಯುಪಿಐ ಪಿನ್ನೂ ಬೇಡ. ಇನ್ನೊಂದು ಆಲೋಚನೆ ಮಾಡಿ, ಬೇಂಕಿನವು ಅಪ್ಪು ಹೇಳಿ ಆದರೆ ನಮ್ಮ ಖಾತೆ ಅವರ ಕಂಪ್ಯೂಟರಿಲೇ ಇದ್ದು. ಅದರ ತೆಗದು ನೋಡ್ಲೆ ಅವಕ್ಕೆ ನಮ್ಮ ಒಟಿಪಿ ಎಂತಕೆ?

“ಗ್ಯಾಸಿನ ಮಾಣಿಯೂ ಒಟಿಪಿ ಕೇಳ್ತನನ್ನೇ” ಹೇಳಿ ಹತ್ತರಾಣ ಮನೆ ಅಕ್ಕ ಕೇಳಿತ್ತು. ಅಪ್ಪು, ಕೇಳ್ತ°. ಆದರೆ ಆ ಸಿಲಿಂಡರಿನ ಬುಕ್ಕು ಮಾಡಿದ್ದು ನಾವು, ಸಿಲಿಂಡರು ಜಾಲಿಲಿ ಕಣ್ಣೆದುರು ಇದ್ದು, ಮೆಸೇಜಿಲಿ ಬರದ್ದದೂ ಸಿಲಿಂಡರು ಕೊಡುವ ವಿಷಯವೇ. ನಾವು ಕೇಳದ್ದೆ ಬಂದ ಒಟಿಪಿಯ, ಮೋರೆ ಕಾಣದ್ದವಂಗೆ, ಪೈಸೆಯ ಲೆಕ್ಕ ಬರದ ಮೆಸೇಜಿಂದ ಓದಿ ಹೇಳುದು ಬೇರೆಯೇ ವಿಷಯ.

ನಂಬರು ನೋಡಿ ಗುರ್ತ ಹಿಡಿವಲೆಡಿಗೋ? ರಜ್ಜ ಎಡಿಗು. ಬೇಂಕುಗೊ ಗಿರಾಕಿಗೊಕ್ಕೆ ಸೇವೆಯ ಫೋನು ಮಾಡೆಕಾರೆ 1600 ಹೇಳಿ ಸುರು ಅಪ್ಪ ನಂಬರಿಂದ ಮಾಡೆಕು ಹೇಳಿ ರಿಸರ್ವ್ ಬೇಂಕು 2025 ಜನವರಿಲಿ ಹೇಳಿದ್ದು. ಸಾಮಾನ್ಯ ಹತ್ತು ಅಂಕೆಯ ಮೊಬೈಲಿಂದ “ಹೆಡ್ ಆಫೀಸು” ಮಾತಾಡಿರೆ ಸಂಶಯ ಮಾಡಿ. ವಾಟ್ಸಾಪಿಲಿ ಬೇಂಕಿನ ಚಿಹ್ನೆ ಕಂಡರೆ ಅದಕ್ಕೆ ಬೆಲೆ ಇಲ್ಲೆ, ಆ ಪಟವ ಆರೂ ಹಾಕಿಗೊಂಬಲಕ್ಕು. ಸಂಶಯ ಬಂದರೆ ಫೋನು ಮಡುಗಿಕ್ಕಿ, ಪಾಸುಬುಕ್ಕಿಲಿಯೋ ಕಾರ್ಡಿನ ಹಿಂದೆಯೋ ಇಪ್ಪ ನಂಬರಿಂಗೆ ನಾವೇ ಮಾಡೆಕು. ಗೂಗಲಿಲಿ ‘ಕಸ್ಟಮರ್ ಕೇರ್’ ಹೇಳಿ ಹುಡ್ಕೆಡಿ, ಅಲ್ಲಿಯೂ ಕಳ್ಳಂಗೊ ಅವರ ನಂಬರು ಹಾಕಿರ್ತವು.

ಇನ್ನು ಲಿಂಕು. ಬೇಂಕಿನ ಜಾಲತಾಣದ ವಿಳಾಸ .bank.in ಹೇಳಿ ಮುಗಿಯೆಕು, ಎಲ್ಲ ಬೇಂಕುಗಳೂ 2025 ಅಕ್ಟೋಬರ್ 31ರ ಒಳ ಬದಲುಸೆಕು ಹೇಳಿ ರಿಸರ್ವ್ ಬೇಂಕು ಹೇಳಿದ್ದು. ಈ ಹೆಸರು ಬೇಂಕುಗೊಕ್ಕೆ ಮಾಂತ್ರ ಸಿಕ್ಕುದು. ಆದರೆ ‘ಮುಗಿಯೆಕು’ ಹೇಳುದರ ಗಮನುಸಿ. sbi.bank.in/ ಹೇಳಿದ್ದರೆ ಸರಿ. sbi.bank.in.kyc-puttur.xyz/ ಹೇಳಿ ಆರಾರು ಕಳ್ಸಿದರೆ ಅದರಲ್ಲಿಯೂ bank.in ಇದ್ದು, ಆದರೆ ನಡೂಕೆ ಇದ್ದು. https:// ಕಳುದ ಮತ್ತೆ ಬಪ್ಪ ಸುರುವಾಣ ಓರೆ ಗೆರೆ ಎಲ್ಲಿದ್ದು ನೋಡಿ, ಅಲ್ಲಿಂದ ಹಿಂದೆ ಓದಿ. ಗೆರೆಯ ಹತ್ತರೆ ಇಪ್ಪ ಹೆಸರೇ ನಿಜವಾದ ಯಜಮಾನ. ಹೆಸರಿನ ಅಖೇರಿಗೆ ಇಪ್ಪ ಮನೆತನ ನೋಡಿದ ಹಾಂಗೆ.

ಲಿಂಕಿಂದಲೂ ಹೆಚ್ಚು ಅಪಾಯದ್ದು ವಾಟ್ಸಾಪಿಲಿ ಬಪ್ಪ .apk ಹೇಳಿ ಮುಗಿವ ಫೈಲು. ಬೇಂಕಿನ ಕೆವೈಸಿ, ವಾಹನದ ದಂಡ, ಪಿಎಂ ಕಿಸಾನ್ ಹೇಳಿ ಅದಕ್ಕೆ ಹೆಸರು ಮಡುಗುತ್ತವು. ಒತ್ತಿ ಹಾಕಿಗೊಂಡರೆ ಅದು ಮೆಸೇಜು ಓದ್ಲೆ ಅನುಮತಿ ಕೇಳ್ತು. ‘ಅಕ್ಕು’ ಹೇಳಿರೆ ಮತ್ತೆ ನಮ್ಮತ್ರೆ ಒಟಿಪಿ ಕೇಳುವ ಕೆಲಸವೇ ಇಲ್ಲೆ, ಅದುವೇ ಓದಿ ಕಳುಸುತ್ತು. ಆರಾರು ಒತ್ತಿ ಆಗಿದ್ದರೆ ಕೂಡ್ಲೇ ಆ ಮೊಬೈಲಿನ ನೆಟ್ಟು ಬಂದು ಮಾಡಿ, ಬೇರೆ ಫೋನಿಂದ ಬೇಂಕಿಂಗೆ ಹೇಳಿ ಖಾತೆಯ ತಡೆಸೆಕು.

ಅತ್ತೆಯ ಸೊಸೆ ಎಂತ ಮಾಡಿತ್ತು ಹೇಳಿ ನಿಂಗೊ ಕೇಳುಗು. ಬೇಂಕಿಂಗೆ ಫೋನು ಮಾಡಿ ಕಾರ್ಡು ತಡೆಸಿತ್ತು, ಮತ್ತೆ 1930ಕ್ಕೆ ಮಾಡಿತ್ತು. ಖಾತೆ ನಂಬರು, ಪೈಸೆ ಹೋದ ಹೊತ್ತು, ಮೊತ್ತ, ಮೆಸೇಜಿಲಿಪ್ಪ ವ್ಯವಹಾರದ ನಂಬರು, ಇದಿಷ್ಟು ಅಲ್ಲಿ ಕೇಳಿದವು. cybercrime.gov.in ಹೇಳ್ತಲ್ಲಿಯೂ ದೂರು ಬರವಲಾವ್ತು. ಅಂಬೆರ್ಪು ಈಗ ನವಗೆ ಬೇಕಾದ್ದು. ಕಳ್ಳಂಗೊ ಪೈಸೆಯ ಒಂದು ಖಾತೆಂದ ಇನ್ನೊಂದಕ್ಕೆ, ಅಲ್ಲಿಂದ ಮೂರ್ನೆದಕ್ಕೆ ದಾಂಟುಸುತ್ತವು. ದೂರು ಹೋದರೆ ಆ ಬೇಂಕುಗೊ ಒಂದೊಂದಾಗಿ ಹಿಂದಂದ ಹೋಗಿ, ಖಾತೆಲಿ ಒಳುದ್ದರ ಹಿಡುದು ಮಡುಗುತ್ತವು. ಎಟಿಎಮ್ಮಿಂದ ನೋಟು ತೆಗದಾದರೆ ಹಿಡಿವಲೆ ಎಂತದೂ ಇಲ್ಲೆ. ಅತ್ತೆಯ 24,900ರಲ್ಲಿ 15,000 ಹಾಂಗೆ ಸಿಕ್ಕಿ ಬಿದ್ದತ್ತು. ಅದು ಕೈಗೆ ಬರೆಕಾರೆ ಕೋರ್ಟಿನ ಆರ್ಡರಿಂಗೆ ತಿಂಗಳುಗಟ್ಲೆ ಕಾಯೆಕಾತು. ಒಳುದ್ದು ಹೋತು.

ಹೋದ್ದರ ಬೇಂಕು ಕೊಡ್ತೋ? ರಿಸರ್ವ್ ಬೇಂಕಿನ 2017 ಜುಲೈ 6ರ ಸುತ್ತೋಲೆ ಪ್ರಕಾರ, ನಮ್ಮದೂ ಬೇಂಕಿಂದೂ ತಪ್ಪಿಲ್ಲದ್ದೆ ಹೆರಾಣವು ತೆಗದ್ದಾದರೆ, ಬೇಂಕಿನ ಮೆಸೇಜು ಬಂದು ಮೂರು ಕೆಲಸದ ದಿನದ ಒಳ ತಿಳುಶಿರೆ ನಷ್ಟ ನಮ್ಮ ಮೇಲೆ ಬತ್ತಿಲ್ಲೆ. ಒಟಿಪಿ ನಾವೇ ಹೇಳಿದ್ದಾದರೆ, ಬೇಂಕಿಂಗೆ ತಿಳುಶುವವರೆಗಾಣ ನಷ್ಟ ನಮ್ಮದು, ತಿಳುಶಿದ ಮತ್ತಾಣದ್ದು ಬೇಂಕಿಂದು. ಹಾಂಗಾಗಿ “ಮಾವ° ಬೈಗು, ಇರುಳು ಮಗ° ಫೋನು ಮಾಡುವಗ ಹೇಳ್ತೆ” ಹೇಳಿ ಕೂದರೆ ಆ ಹೊತ್ತಿನ ನಷ್ಟವೂ ನಮ್ಮ ಲೆಕ್ಕಕ್ಕೇ. ಅತ್ತೆಗೂ ಸುರುವಿಂಗೆ ನಾಚಿಕೆ ಆಗಿ, ಆರತ್ರೂ ಹೇಳುದು ಬೇಡ ಹೇಳಿತ್ತಿದ್ದವಡ. ಸೊಸೆ ಕೇಳಿದ್ದಿಲ್ಲೆ. ಇಪ್ಪತ್ತು ನಿಮಿಷದ ಒಳ ದೂರು ಕೊಟ್ಟತ್ತು, ಹದಿನೈದು ಸಾವಿರ ಒಳುದತ್ತು.

ಪಾಸುಬುಕ್ಕಿನ ಒಳಾಣ ರಟ್ಟಿಲಿ 1930 ಹೇಳಿ ಪೆನ್ನಿಲಿ ಬರದು ಮಡುಗಿ. ಬೇಂಕಿನ ನಂಬರೂ ಅಲ್ಲೇ ಬರದಿಕ್ಕಿ. ಕಣ್ಣು ಕಾಣದ್ದ ಅಜ್ಜಿಯಕ್ಕೊ ಇಪ್ಪ ಮನೆಲಿ ರಜ್ಜ ದೊಡ್ಡಕೆ ಬರೆಯಿ.