ರಿಂಗೇ ಆಗದ ಕರೆಗಳು

ಡಲ್ಲಾಸ್, ತಂಗಿಯ ಮನೆ. ಅವಳ ಐಫೋನ್ ಊಟದ ಮೇಜಿನ ಮೇಲೆ ಆನ್ ಆಗಿಯೇ ಇದೆ, ಸಿಗ್ನಲ್ ಕೂಡ ಪೂರ್ತಿ ಇದೆ. ಆದರೂ ಹಾಸನದಿಂದ ಅಮ್ಮ ಮಾಡಿದ ಕರೆ ಒಮ್ಮೆಯೂ ರಿಂಗಾಗದೆ ವಾಯ್ಸ್‌ಮೇಲ್‌ಗೆ ಹೋಯಿತು. ಮೊನ್ನೆ ಮಗನಿಗೆ ಜ್ವರ ಎಂದು ಶಾಲೆಯವರು ಮಾಡಿದ ಕರೆಗೂ ಹೀಗೇ ಆಗಿತ್ತು. ನಾನು ಪಕ್ಕದ ಕೋಣೆಯಿಂದ ಮಾಡಿದರೆ ಮಾತ್ರ ಸರಿಯಾಗಿ ರಿಂಗಾಗುತ್ತದೆ. ಇದೆಂಥದ್ದು?

ಮೊದಲ ಗುಮಾನಿ ಕಾಲ್ ಬಾರಿಂಗ್ ಮೇಲೆ. ಒಳಬರುವ ಕರೆಗಳಿಗೆ ತಡೆ ಬಿದ್ದಿದೆಯೇ ಎಂದು ತಿಳಿಯಲು `*#35#` ಒತ್ತಿದೆವು. ತಡೆ ಇಲ್ಲವೆಂದೇ ಪರದೆ ಹೇಳಿತು. ಯೋಚಿಸಿದರೆ ಇದನ್ನು ನೋಡುವ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಬಾರಿಂಗ್ ಇದ್ದರೆ ಕರೆ ಮಾಡಿದವರಿಗೆ ಸಾಮಾನ್ಯವಾಗಿ ಕೇಳಿಸುವುದು ಈ ನಂಬರಿಗೆ ಕರೆ ಹೋಗದು ಎಂಬ ನೆಟ್‌ವರ್ಕಿನ ಪ್ರಕಟಣೆ, ತಂಗಿಯ ದನಿಯ ವಾಯ್ಸ್‌ಮೇಲ್ ಅಲ್ಲ.

`*#21#` ಎಲ್ಲ ಕರೆಗಳೂ ಬೇರೆ ನಂಬರಿಗೆ ತಿರುಗಿವೆಯೇ ಎಂದು ತೋರಿಸುತ್ತದೆ. ಅದೂ ಇಲ್ಲ. `*#62#` ಒತ್ತಿದಾಗ ಮಾತ್ರ ಅಪರಿಚಿತ ನಂಬರೊಂದು ಬಂತು, ತಂಗಿ ಗಾಬರಿಯಾದಳು. ಅದು ಫೋನ್ ಸಿಗದಿದ್ದಾಗ ಕರೆ ಹೋಗುವ ವಾಯ್ಸ್‌ಮೇಲ್ ಕೇಂದ್ರದ ನಂಬರು, ಇರಲೇಬೇಕಾದದ್ದು. ಎಲ್ಲವನ್ನೂ ಅಳಿಸಿಬಿಡೋಣವೆಂದು `##002#` ಒತ್ತಿದರೆ ಆ ದಾರಿಯೂ ಅಳಿಸಿಹೋಗಿ ವಾಯ್ಸ್‌ಮೇಲೇ ನಿಂತುಹೋಗಬಹುದು. ಒತ್ತಲಿಲ್ಲ.

ಸಂಜೆ. ಅವಳ ಫೋನಿನ ರೀಸೆಂಟ್ಸ್ ಪಟ್ಟಿಯನ್ನು ವಾಯ್ಸ್‌ಮೇಲ್ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿದಾಗ ಎಳೆ ಸಿಕ್ಕಿತು. ಅಮ್ಮನ ಕರೆ ರೀಸೆಂಟ್ಸ್‌ನಲ್ಲಿದೆ. ಶಾಲೆಯ ಕರೆ ಅಲ್ಲಿ ಇಲ್ಲವೇ ಇಲ್ಲ, ಸಂದೇಶ ಮಾತ್ರ ಇದೆ. ಎಂದರೆ ಅಮ್ಮನ ಕರೆ ಫೋನಿನವರೆಗೂ ಬಂದಿದೆ, ಫೋನೇ ಅದರ ಬಾಯಿ ಮುಚ್ಚಿಸಿದೆ. ಶಾಲೆಯದು ಫೋನನ್ನು ಮುಟ್ಟಿಯೇ ಇಲ್ಲ. ನಾವು ಒಂದೇ ಕಾಯಿಲೆ ಎಂದುಕೊಂಡದ್ದು ಎರಡು. (ಬ್ಲಾಕ್ ಮಾಡಿದ ನಂಬರಿನ ಕರೆಯೂ ರೀಸೆಂಟ್ಸ್‌ನಲ್ಲಿ ಕಾಣುವುದಿಲ್ಲ. ಆ ಪಟ್ಟಿ ತೆರೆದು ನೋಡಿದೆ, ಶಾಲೆಯ ನಂಬರ್ ಅದರಲ್ಲಿರಲಿಲ್ಲ.)

ಅಮ್ಮನ ವಿಷಯ ಬೇಗ ಬಗೆಹರಿಯಿತು. ಅರ್ಧಚಂದ್ರದ ಡೂ ನಾಟ್ ಡಿಸ್ಟರ್ಬ್ ಗುರುತು ಪರದೆಯಲ್ಲಿ ಇರಲಿಲ್ಲ. ಆದರೆ ಫೋನ್ ಸೆಟ್ಟಿಂಗಿನಲ್ಲಿ Silence Unknown Callers ಆನ್ ಇತ್ತು. ಹೊಸ ಆವೃತ್ತಿಯ ಫೋನುಗಳಲ್ಲಿ ಇದೇ ಆಯ್ಕೆ Screen Unknown Callers ಎಂಬುದರ ಒಳಗಿದೆ.

“ಅಣ್ಣ, ಅಮ್ಮ ಹೇಗೆ ಅನ್‌ನೋನ್ ಆಗ್ತಾಳೆ?”

ಕಾಂಟ್ಯಾಕ್ಟ್ ತೆರೆದು ತೋರಿಸಿದೆ. ಊರಲ್ಲಿದ್ದಾಗ ಸೇವ್ ಮಾಡಿದ ಬರೀ 10 ಅಂಕಿ. ಕರೆ ಬಂದದ್ದು +91 ಹೊತ್ತುಕೊಂಡು. ಅಮೆರಿಕದ ನಂಬರುಗಳೂ 10 ಅಂಕಿಯವೇ ಆದ್ದರಿಂದ, ಎರಡೂ ಒಂದೇ ಎಂದು ಫೋನ್ ಗುರುತಿಸಲಿಲ್ಲ. ರೀಸೆಂಟ್ಸ್‌ನಲ್ಲೂ ಹೆಸರಿಲ್ಲದೆ ಬರೀ ನಂಬರ್ ಇತ್ತು. +91 ಸೇರಿಸಿ ಸೇವ್ ಮಾಡಿದೆವು. ಅಮ್ಮನ ಮುಂದಿನ ಕರೆ ಹೆಸರು ಸಮೇತ ರಿಂಗಾಯಿತು.

ಶಾಲೆಯದು ಕಷ್ಟ ಕೊಟ್ಟಿತು. ಅವಳ ಫೋನಿನಲ್ಲಿ ಎರಡು ಲೈನ್: ಒಂದು ಸ್ವಂತದ್ದು, ಇನ್ನೊಂದು ಆಫೀಸಿನ ಇ-ಸಿಮ್. ಮೊಬೈಲ್ ಡೇಟಾ ಸ್ವಂತ ಲೈನಿನದು. ಡಿಫಾಲ್ಟ್ ವಾಯ್ಸ್ ಲೈನ್ ಬದಲಿಸಿ ನೋಡಿದಳು, ಏನೂ ಆಗಲಿಲ್ಲ. ಆಗುವಂತೆಯೂ ಇಲ್ಲ, ಆ ಆಯ್ಕೆ ನಾವು ಮಾಡುವ ಕರೆ ಯಾವ ಲೈನಿನಿಂದ ಹೋಗಬೇಕೆಂಬುದಕ್ಕೆ ಮಾತ್ರ, ಬರುವ ಕರೆಗೂ ಅದಕ್ಕೂ ಸಂಬಂಧವಿಲ್ಲ.

ಸಂದೇಶಗಳ ಸಮಯವನ್ನು ಅವಳ ಕ್ಯಾಲೆಂಡರಿನ ಜೊತೆ ಇಟ್ಟು ನೋಡಿದೆ. ರೀಸೆಂಟ್ಸ್‌ನಲ್ಲಿ ಕಾಣದ ಪ್ರತಿ ಕರೆಯೂ ಅವಳು ಆಫೀಸ್ ಲೈನಿನಿಂದ ಮೀಟಿಂಗಿಗೆ ಡಯಲ್ ಮಾಡಿ ಕೂತಿದ್ದ ಹೊತ್ತಿನದು! ಎರಡೂ ಸಿಮ್‌ಗಳು ಸುಮ್ಮನಿರುವಾಗ ಎರಡೂ ಕರೆಗೆ ಕಾಯುತ್ತಿರುತ್ತವೆ. ಒಂದರಲ್ಲಿ ಮಾತು ಶುರುವಾದರೆ ರೇಡಿಯೊ ಆ ಕಡೆಗೇ ಹೋಗಿಬಿಡುತ್ತದೆ, ಇನ್ನೊಂದು ಲೈನ್ ನೆಟ್‌ವರ್ಕಿನ ಕರೆಗೆ ಓಗೊಡುವುದಿಲ್ಲ. ಫೋನ್ ಆಫ್ ಆಗಿದ್ದರೆ ಹೇಗೋ ಹಾಗೆಯೇ ನೆಟ್‌ವರ್ಕ್ ಕರೆಯನ್ನು ವಾಯ್ಸ್‌ಮೇಲ್‌ಗೆ ದಾಟಿಸುತ್ತದೆ. ಕಾಲ್ ವೇಟಿಂಗ್ ಇದ್ದರೂ ಅದು ಒಂದೇ ನಂಬರಿಗೆ ಬರುವ ಎರಡನೆಯ ಕರೆಗೆ ಮಾತ್ರ.

ಪರಿಹಾರ ಎರಡು ಹೆಜ್ಜೆಯದು. ಸ್ವಂತ ಲೈನಿಗೆ ವೈಫೈ ಕಾಲಿಂಗ್ ಆನ್ ಮಾಡಿದೆವು; ಆಗ ಕರೆ ಇಂಟರ್ನೆಟ್ ದಾರಿಯಿಂದಲೂ ಬರಬಹುದು. ಮನೆಯಾಚೆ ವೈಫೈ ಇಲ್ಲದಾಗ ಆ ಇಂಟರ್ನೆಟ್, ಮಾತು ನಡೆಯುತ್ತಿರುವ ಆಫೀಸ್ ಲೈನಿನಿಂದಲೇ ಸಿಗಬೇಕು. ಅದಕ್ಕೆ ಸೆಲ್ಯುಲರ್ ಡೇಟಾ ಪುಟದಲ್ಲಿ Allow Cellular Data Switching ಆನ್ ಮಾಡಿದೆವು.

ಪರೀಕ್ಷೆಗೆ ಕಾರಿನಲ್ಲಿ ಕೂತು ಆಫೀಸ್ ಲೈನಿನಿಂದ ಗೆಳತಿಯೊಬ್ಬಳಿಗೆ ಕರೆ ಮಾಡಿದಳು. ಮಾತು ನಡೆಯುತ್ತಿರುವಾಗ ನಾನು ಅವಳ ಸ್ವಂತ ನಂಬರಿಗೆ ಮಾಡಿದೆ. ರಿಂಗಾಯಿತು, ಮೊದಲ ಕರೆಯನ್ನು ಹೋಲ್ಡ್‌ನಲ್ಲಿಟ್ಟು ನನ್ನೊಡನೆ ಮಾತಾಡಿದಳು. ಅವಳ ಆಫೀಸಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮಾತ್ರ ಡೇಟಾ ತೀರ ಕ್ಷೀಣ. ಅಲ್ಲಿ ಆಫೀಸ್ ಕರೆಯಲ್ಲಿದ್ದಾಗ ಸ್ವಂತ ನಂಬರಿನ ಕರೆ ಈಗಲೂ ವಾಯ್ಸ್‌ಮೇಲ್‌ಗೇ ಹೋಗುತ್ತದೆ. ಹಾಗಾಗಿ ಶಾಲೆಗೆ ಭಾವನ ನಂಬರನ್ನೂ ಬರೆಸಿ ಬಂದಿದ್ದಾಳೆ.