ನೂರು ರೂಪಾಯಿ ಎಲ್ಲಿ ಹೋಯ್ತು?

ನಾವಿಬ್ಬರು, ಅಕ್ಕ ಮತ್ತು ತಮ್ಮ, ಇದೇ ಕಾಲೇಜಿನಲ್ಲಿ ಓದುತ್ತಿದ್ದೇವೆ. ಊರು ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ. ಟೊಮೆಟೊ, ಮಾವು ಬಿಟ್ಟರೆ ನಮ್ಮ ಮನೆಗೆ ಬರುವ ಆದಾಯ ಅಂದ್ರೆ ಅಪ್ಪ ಶಾರ್ಜಾದಿಂದ ಕಳಿಸುವ ದುಡ್ಡು. ಅಲ್ಲಿ ಎ.ಸಿ. ರಿಪೇರಿ ಕೆಲಸ.

2024ರ ಅಕ್ಟೋಬರ್‌ನಲ್ಲಿ ಹಾಸ್ಟೆಲ್ ಕಂತು 45,000 ಕಟ್ಟಬೇಕಿತ್ತು. ಅಪ್ಪ ಓವರ್‌ಟೈಮ್ ದುಡ್ಡೂ ಸೇರಿಸಿ ಒಟ್ಟಿಗೆ 2,000 ದಿರ್ಹಂ ಕಳಿಸಿದರು. ಫೋನ್‌ನಲ್ಲಿ ರೇಟು ನೋಡಿ, 'ನಲವತ್ತೈದು ಸಾವಿರದ ಮೇಲೇ ಬರುತ್ತೆ, ಫೀಸೂ ತಗೊಳ್ಳಲ್ಲ ಅಂದ್ರು ಕಣಮ್ಮಾ' ಅಂದಿದ್ದರು. ಅಮ್ಮನ ಖಾತೆಗೆ ಬಂದದ್ದು 44,900. ನೂರು ರೂಪಾಯಿ ಕಮ್ಮಿ. ಕೊನೇ ದಿನ, ಅಮ್ಮನ ಕೈಯಲ್ಲಿ ಕಾಸಿಲ್ಲ, ಪಕ್ಕದ ಮನೆಯಲ್ಲಿ ಸಾಲ ಕೇಳಿದರು. ಕೇಳಿದ್ದು ನೂರೇ ಆದರೂ, 'ಗಂಡ ದುಬೈ ಕಡೆ ಇದ್ದಾನೆ' ಅನ್ನೋ ಮನೆಯವರು ಕೇಳಿದ್ದು.

ಫೀಸೇ ಇಲ್ಲ ಅಂದ ಮೇಲೆ ದುಡ್ಡು ಕಮ್ಮಿ ಆಗಿದ್ದು ಹೇಗೆ? ಅಪ್ಪನ ಹತ್ರ ರಸೀದಿಯ ಫೋಟೋ ತರಿಸಿಕೊಂಡೆವು. ಫೀಸು ಅನ್ನುವ ಕಡೆ ಸೊನ್ನೆ, ನಿಜ. ಆದರೆ ಕೆಳಗೆ ರೇಟು 22.45.

ನಮ್ಮ ಲೆಕ್ಕ ಇಷ್ಟೇ. ಯು.ಎ.ಇ. ದಿರ್ಹಂ ಅನ್ನು ಡಾಲರ್‌ಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರ್‌ಗೆ 3.6725 ದಿರ್ಹಂ. ಹಾಗಾಗಿ ದಿರ್ಹಂ ಬೆಲೆ ತಿಳಿಯೋಕೆ ಡಾಲರ್‌ನ ರೂಪಾಯಿ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಆಗ ಡಾಲರ್ 84 ರೂಪಾಯಿ ಆಸುಪಾಸಿನಲ್ಲಿತ್ತು. ಭಾಗಿಸಿದರೆ 22.87. ಇದು ಬ್ಯಾಂಕುಗಳು ತಮ್ಮೊಳಗೆ ಕೊಡು-ಕೊಳ್ಳುವ ನಡುವಿನ ಬೆಲೆ, ಅಪ್ಪ ಫೋನ್‌ನಲ್ಲಿ ನೋಡಿದ್ದೂ ಇದನ್ನೇ. ಅಂಗಡಿಯವರು ಕೊಟ್ಟಿದ್ದು 22.45. ಒಂದು ದಿರ್ಹಂಗೆ 42 ಪೈಸೆ ಅವರದು. 2,000 ದಿರ್ಹಂಗೆ 840 ರೂಪಾಯಿ. ರಸೀದಿಯಲ್ಲಿ ಈ 840 ಎಲ್ಲೂ ಇಲ್ಲ.

ಮುಂದಿನ ವಾರ ಅಪ್ಪ ಇನ್ನೊಂದು ಅಂಗಡಿಯಲ್ಲಿ ವಿಚಾರಿಸಿದರು. ಅಲ್ಲಿ ಫೀಸು 15 ದಿರ್ಹಂ, ಅದರ ಮೇಲೆ ಶೇ. 5 ವ್ಯಾಟ್, ಒಟ್ಟು 15.75. ರೇಟು 22.78. 'ಇವರು ಫೀಸು ತಗೋತಾರೆ, ಬೇಡ' ಅಂದರು ಅಪ್ಪ. ಅವರು ಹಾಗನ್ನೋದು ಸಹಜ, 15 ದಿರ್ಹಂ ಕಣ್ಣಿಗೆ ಕಾಣುತ್ತೆ, ಪೈಸೆ ಕಾಣಲ್ಲ. ಡಾಲರ್ ಆಗಲೂ 84ರಲ್ಲೇ ಇತ್ತು, ಮೊದಲ ಅಂಗಡಿಯ ರೇಟನ್ನೂ ಅದೇ ಗಂಟೆಯಲ್ಲಿ ನೋಡಲು ಹೇಳಿದೆವು, 22.45 ಹಾಗೇ ಇತ್ತು. ಹೀಗೆ ನೋಡದೆ ನಿನ್ನೆಯ ರೇಟಿಗೆ ಇವತ್ತಿನ ರೇಟು ಹೋಲಿಸಿದರೆ, ಮಾರುಕಟ್ಟೆ ಏರಿಳಿತವನ್ನು ಅಂಗಡಿಯವನ ತಲೆಗೆ ಕಟ್ಟಿದಂತಾಗುತ್ತೆ. ಹೊಸ ಅಂಗಡಿಯಲ್ಲಿ 2,000ದಲ್ಲಿ ಫೀಸು ಕಳೆದು ಉಳಿದ 1,984.25 ಅನ್ನು 22.78ರಿಂದ ಗುಣಿಸಿದರೆ 45,201 ರೂಪಾಯಿ. ಅಂದರೆ ಫೀಸು ತಗೊಳ್ಳುವ ಅಂಗಡಿಯಲ್ಲೇ 301 ರೂಪಾಯಿ ಜಾಸ್ತಿ. ಹಾಸ್ಟೆಲ್ ಕಂತೂ ಕಟ್ಟಿ, ಪಕ್ಕದ ಮನೆಗೆ ಹೋಗದೆ ಇರಬಹುದಿತ್ತು.

ಇಷ್ಟು ತಿಳಿದ ಮೇಲೆ ನಾವು ಸ್ವಲ್ಪ ಜಾಣರಾದೆವು. 'ಇಷ್ಟು ವರ್ಷ ಮೋಸ ಹೋಗಿದ್ದೀರ' ಅಂತ ಅಪ್ಪನಿಗೆ ಹೇಳಿಯೇಬಿಟ್ಟೆವು. ಆಮೇಲೆ ಹಳೇ ರಸೀದಿಗಳನ್ನು ನೋಡಿದರೆ, ಅಪ್ಪ ಮಾಮೂಲಿ ತಿಂಗಳಲ್ಲಿ ಕಳಿಸುತ್ತಿದ್ದದ್ದು 500, 500 ದಿರ್ಹಂ. ಒಟ್ಟಿಗೆ ಕಳಿಸಿದರೆ ಒಟ್ಟಿಗೇ ಖರ್ಚಾಗುತ್ತೆ ಅಂತ ಅಮ್ಮನೇ ಹಾಗೆ ಹೇಳಿದ್ದರು. 500ಕ್ಕೆ ಲೆಕ್ಕ ಹಾಕಿದರೆ ಫೀಸಿಲ್ಲದ ಅಂಗಡಿಯಲ್ಲಿ 11,225, ಫೀಸಿರುವ ಕಡೆ 11,031. ಇಲ್ಲಿ ಅಪ್ಪನದೇ ಸರಿ! ಫೀಸು ಎಷ್ಟು ಕಳಿಸಿದರೂ ಅಷ್ಟೇ, ರೇಟಿನ ಕಡಿತ ಮಾತ್ರ ಮೊತ್ತದ ಜೊತೆ ಬೆಳೆಯುತ್ತೆ. ಎರಡು ಸರಳರೇಖೆಗಳು ಸೇರುವ ಬಿಂದು ಹುಡುಕಿದರೆ, ಈ ಎರಡು ಅಂಗಡಿಗಳಿಗೆ ಅದು ಸುಮಾರು 1,087 ದಿರ್ಹಂ. ಅದಕ್ಕಿಂತ ಕಮ್ಮಿ ಇದ್ದರೆ ಮೊದಲಿನ ಅಂಗಡಿ, ಜಾಸ್ತಿ ಇದ್ದರೆ ಎರಡನೆಯದು. ಆ ಸಂಜೆ ಫೋನ್ ಮಾಡಿ ಮಾತು ವಾಪಸ್ ತಗೊಂಡೆವು. ಅಪ್ಪ ನಕ್ಕರು, ಏನೂ ಅನ್ನಲಿಲ್ಲ.

ಈಗ ಅಪ್ಪ ಕೌಂಟರ್‌ನಲ್ಲಿ ಫೀಸೆಷ್ಟು, ರೇಟೆಷ್ಟು ಅಂತ ಬೇರೆ ಬೇರೆ ಕೇಳೋದಿಲ್ಲ. 'ನನ್ನ ಕೈಯಿಂದ ಒಟ್ಟು 2,000 ದಿರ್ಹಂ ಕೊಡ್ತೀನಿ, ಊರಲ್ಲಿ ಖಾತೆಗೆ ಎಷ್ಟು ರೂಪಾಯಿ ಬೀಳುತ್ತೆ?' ಅಂತ ಒಂದೇ ಪ್ರಶ್ನೆ. ಅಮ್ಮ ಬ್ಯಾಂಕಿನ ಮೆಸೇಜು ಬಂದ ತಕ್ಷಣ ನಮಗೆ ಕಳಿಸುತ್ತಾರೆ. ರಸೀದಿಯ ರೂಪಾಯಿಗೂ ಮೆಸೇಜಿನ ರೂಪಾಯಿಗೂ ವ್ಯತ್ಯಾಸ ಇದ್ದರೆ ದಾರಿಯಲ್ಲಿ ಯಾವುದೋ ಬ್ಯಾಂಕು ಮುರಿದುಕೊಂಡಿದೆ ಅಂತ ಗೊತ್ತಾಗುತ್ತೆ.

ಒಂದು ಮಾತ್ರ ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಎರಡನೇ ಅಂಗಡಿ ಅಪ್ಪನ ರೂಮಿನಿಂದ ದೂರ, ಹೋಗಿ ಬರಲು ಬಸ್ಸಿನ ಖರ್ಚು ಬೇರೆ. ಅಲ್ಲಿಗೆ 301ರಲ್ಲಿ ಒಂದು ಪಾಲು ಹೋಯ್ತು. ಹಾಗಾಗಿ ಸಂಬಳ ಬಂದ ವಾರ ರೂಮಿನ ನಾಲ್ಕು ಜನರ ದುಡ್ಡಿಗೂ ಸೇರಿಸಿ ಒಂದೇ ಸಲ ರೇಟು ವಿಚಾರಿಸಿಕೊಂಡು, ಯಾರದಾದರೂ ಗಾಡಿಯಲ್ಲಿ ಹೋಗಿ ಬರುತ್ತಾರಂತೆ. ಅಮ್ಮ ಮಾತ್ರ ಈಗಲೂ ವಾರಕ್ಕಿಷ್ಟು ಅಂತ ಬಂದರೇ ಚೆನ್ನ ಅಂತಾರೆ.