ಲಗೋರಿಗಿಂತ ಮುಂಚಿನ ಆ ಐದು ನಿಮಿಷ

ನಮ್ಮ ಎನ್ನೆಸ್ಸೆಸ್ ಘಟಕದಿಂದ ನಾವು ನಾಲ್ವರು ಪ್ರತಿ ಶನಿವಾರ ಹತ್ತಿರದ ಶಾಲೆಯೊಂದಕ್ಕೆ ಹೋಗಿ ಆರನೇ ಕ್ಲಾಸಿನ ಆಟದ ಪೀರಿಯಡ್ ನಡೆಸಿಕೊಡ್ತೀವಿ. ಆ ಕ್ಲಾಸಿನಲ್ಲಿ ಆಟಿಸಂ ಇರುವ ಒಬ್ಬ ಹುಡುಗ ಇದ್ದಾನೆ. ಮೊದಲೆಲ್ಲ ಆಟದ ಹೊತ್ತಿಗೆ ಅವನೊಬ್ಬನೇ ಕ್ಲಾಸ್‌ರೂಮಿನಲ್ಲಿ ಕೂತಿರ್ತಿದ್ದ. "ಅವನಿಗೆ ಆಟ ಬೇಡ ಅಂತಲ್ಲ, ಮುಂದೇನು ಅಂತ ಗೊತ್ತಾಗಬೇಕು ಅಷ್ಟೇ" ಅಂದರು ಅಲ್ಲಿಗೆ ಬರುವ ವಿಶೇಷ ಶಿಕ್ಷಕಿ.

ಯೋಚಿಸಿದರೆ ನಿಜ. ಕ್ಲಾಸಿನಲ್ಲಿ ಬೆಂಚು, ಬೋರ್ಡು, ಟೈಮ್‌ಟೇಬಲ್ ಇರುತ್ತೆ. ಮೈದಾನದಲ್ಲಿ ಯಾರು ಯಾವಾಗ ಕಿರುಚ್ತಾರೆ, ಆಟ ಯಾವಾಗ ಮುಗಿಯುತ್ತೆ, ಯಾವುದೂ ಕಣ್ಣಿಗೆ ಕಾಣಲ್ಲ.

ಹಾಗಾಗಿ ಒಂದು ರಟ್ಟಿನ ಪಟ್ಟಿ ಮಾಡಿದೆವು. ಅದರ ಮೇಲೆ ವೆಲ್ಕ್ರೋದಿಂದ ಅಂಟಿಸಿದ ಐದು ಚಿತ್ರಗಳು: ಸಾಲಾಗಿ ನಿಲ್ಲೋದು, ಎರಡು ಸುತ್ತು ಓಟ, ಚೆಂಡು ಹಿಡಿಯೋದು, ಲಗೋರಿ, ನೀರು ಕುಡಿದು ಕ್ಲಾಸಿಗೆ. ಒಂದು ಕೆಲಸ ಆದಮೇಲೆ ಅವನೇ ಆ ಚಿತ್ರ ಕಿತ್ತು 'ಮುಗೀತು' ಅನ್ನೋ ಚೀಲಕ್ಕೆ ಹಾಕ್ತಾನೆ. ಪ್ರತಿ ವಾರ ಇದೇ ಕ್ರಮ. ವಿಷಲ್ ಬದಲು ಹಸಿರು ಬಾವುಟ ಎತ್ತುತ್ತೀವಿ. ಹೊಂಗೆ ಮರದ ಕೆಳಗೆ ಒಂದು ಚಾಪೆ ಹಾಸಿರುತ್ತೆ. ಸಾಕಾದಾಗ ಅವನು ಚಾಪೆಯ ಚಿತ್ರ ತೋರಿಸಿ ಅಲ್ಲಿಗೆ ಹೋಗಬಹುದು. ಅಲ್ಲಿ ಯಾರೂ ಮಾತಾಡಿಸಲ್ಲ. ಐದು ನಿಮಿಷದ ಮರಳು ಗಡಿಯಾರ ಖಾಲಿಯಾದಾಗ ಪಟ್ಟಿಯಲ್ಲಿ ಎಲ್ಲಿ ಬಿಟ್ಟಿದ್ನೋ ಅಲ್ಲಿಂದ ಮುಂದುವರಿಸ್ತಾನೆ, ಇನ್ನೂ ಬೇಕು ಅಂದ್ರೆ ಗಡಿಯಾರ ಮತ್ತೆ ತಿರುಗಿಸ್ತೀವಿ. ಚಾಪೆ ಶಿಕ್ಷೆಯ ಜಾಗ ಅಲ್ಲ. ತಪ್ಪು ಮಾಡಿದವರನ್ನ ಅಲ್ಲಿ ಕೂರಿಸೋದು ಶುರುವಾದ್ರೆ, ಅವನು ತಾನಾಗಿ ಅಲ್ಲಿಗೆ ಹೋಗೋದು ನಿಂತುಹೋಗುತ್ತೆ.

ಮೂರು ವಾರ ಅವನು ಲಗೋರಿ ಚಿತ್ರ ಬಂದ ಕೂಡಲೇ ಚಾಪೆಗೆ ಹೋದ. "ಲಗೋರಿ ಇಷ್ಟ ಇಲ್ಲ ಬಿಡ್ರಿ" ಅಂದರು ಪಿ.ಟಿ. ಮೇಷ್ಟ್ರು. ನಾವು ಮಾತ್ರ ಅವನು ಏಳುವ ಮುಂಚೆ ಏನಾಯ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೀತಾ ಬಂದಿದ್ವಿ. ಮೂರು ಸಲವೂ ಅವನು ಎದ್ದದ್ದು ಆಟದ ನಡುವೆ ಅಲ್ಲ, ಟೀಮ್ ಆರಿಸುವಾಗ. ಐದು ನಿಮಿಷ "ನೀನು ಇಲ್ಲಿ ಬಾರೋ, ನಾನು ಅಲ್ಲಿ" ಅನ್ನೋ ಗಲಾಟೆ. ಅದಕ್ಕೆ ಪಟ್ಟಿಯಲ್ಲಿ ಚಿತ್ರವೇ ಇರಲಿಲ್ಲ!

ಟೀಮುಗಳನ್ನ ಇಡೀ ತಿಂಗಳಿಗೆ ಒಂದೇ ಮಾಡಿದೆವು. ಕೆಂಪು, ನೀಲಿ ರಿಬ್ಬನ್ ಕಟ್ಟೋದೇ ಒಂದು ಚಿತ್ರವಾಯ್ತು. ಮುಂದಿನ ವಾರ ಅವನು ಚಾಪೆ ಕಡೆ ಹೋಗಲಿಲ್ಲ. ಬಿದ್ದ ಏಳು ಕಲ್ಲನ್ನೂ ಜೋಡಿಸಿದ. ಚೆಂಡು ಮೈಗೆ ಬೀಳೋದು ಅವನಿಗೆ ಈಗಲೂ ಆಗಲ್ಲ. ಅದಕ್ಕೆ ಎಲ್ಲರಿಗೂ ಒಂದೇ ನಿಯಮ: ಕಲ್ಲು ಜೋಡಿಸುವವರಿಗೆ ಚೆಂಡು ಎಸೆಯೋ ಹಾಗಿಲ್ಲ, ಕೈಯಲ್ಲಿ ಮುಟ್ಟಿದರೆ ಔಟ್.

ಮಳೆ ಬಂದ ದಿನ 'ಬದಲಾವಣೆ' ಅನ್ನೋ ಹಳದಿ ಕಾರ್ಡನ್ನ ಕ್ಲಾಸಿನಲ್ಲೇ ಮೊದಲು ತೋರಿಸಿ, ಓಟದ ಚಿತ್ರ ತೆಗೆದು ಕೇರಂ ಚಿತ್ರ ಹಾಕ್ತೀವಿ. ಅವನು ಚೆನ್ನಾಗಿ ಆಡ್ತಿದ್ದಾನಲ್ಲ, ಪಟ್ಟಿ ಇನ್ಯಾಕೆ ಅಂತ ಕೆಲವರು ಕೇಳ್ತಾರೆ. ಪಟ್ಟಿ ಇರೋದಕ್ಕೇ ಅವನು ಆಡ್ತಿರೋದು.

ಮುಂದಿನ ಸೆಮ್‌ಗೆ ನಮ್ಮ ಜಾಗಕ್ಕೆ ಜೂನಿಯರ್ಸ್ ಬರ್ತಾರೆ. ಅವನಿಗೆ ಅದೂ ಒಂದು ಬದಲಾವಣೆಯೇ. ಬರುವವರು ಎರಡು ವಾರ ಮುಂಚೆ ನಿಮ್ಮ ಫೋಟೋ ಕೊಡಿ, ಪಟ್ಟಿಗೆ ಅಂಟಿಸಬೇಕು.